ಭಾನುವಾರ ಗಾಣ, ಗುರುವಾರ ಮನೆ: ಆರು ಸೆಕೆಂಡಿನ ಬಂಪರ್ ಬರೆಯುವ ಬಗೆ

ಪ್ರಶ್ನೆ: ತಿಪಟೂರಿನಲ್ಲಿ ನಮ್ಮದೊಂದು ಸಣ್ಣ ಮರದ ಗಾಣ ಇದೆ. ಭಾನುವಾರ ಕೊಬ್ಬರಿ ಆಡಿಸಿ, ಮಡ್ಡಿ ಇಳಿಯಲು ಬಿಟ್ಟು, ಗುರುವಾರ ಬೆಂಗಳೂರಿನ ಮನೆಗಳಿಗೆ ಎಣ್ಣೆ ತಲುಪಿಸುತ್ತೇವೆ. ಯೂಟ್ಯೂಬಿನಲ್ಲಿ ಆರು ಸೆಕೆಂಡಿನ ಬಂಪರ್ ಜಾಹೀರಾತು ಹಾಕಬೇಕು ಅಂತ ಇದ್ದೇವೆ. ಸ್ಕಿಪ್ ಬಟನ್ ಬರುವ ಮೊದಲೇ ಒಂದು ವಿಷಯ ಸ್ಪಷ್ಟವಾಗಿ ಹೇಳಿ ಮುಗಿಸಬೇಕು. ನಾವೇ ಬರೆದದ್ದು ಇದು: "ತಲೆತಲಾಂತರದಿಂದ ತಿಪಟೂರಿನ ಅತ್ಯುತ್ತಮ ಕೊಬ್ಬರಿಯಿಂದ ಮರದ ಗಾಣದಲ್ಲಿ ತಯಾರಿಸಿದ ಶುದ್ಧ ಕೊಬ್ಬರಿ ಎಣ್ಣೆ ಈಗ ನಿಮ್ಮ ಮನೆ ಬಾಗಿಲಿಗೆ. ಇಂದೇ ಕರೆ ಮಾಡಿ." ಓದಿದರೆ ಆರು ಸೆಕೆಂಡಿಗೆ ಸರಿಯಾಗಿ ಮುಗಿಯುತ್ತದೆ. ಆದರೆ ಕೇಳಿದವರಿಗೆ ಏನೂ ನೆನಪಿರುವುದಿಲ್ಲ. ಎಲ್ಲಿ ತಪ್ಪಿದ್ದೇವೆ?

ಉತ್ತರ: ಮೊದಲು ಒಂದು ಗೊಂದಲ ಬಿಡಿಸೋಣ. ಬಂಪರ್ ಜಾಹೀರಾತಿಗೆ ಸ್ಕಿಪ್ ಬಟನ್ ಬರುವುದೇ ಇಲ್ಲ. ಗೂಗಲ್ 2016ರಲ್ಲಿ ಇದನ್ನು ಶುರುಮಾಡಿದಾಗಿನಿಂದ ಇದರ ಲಕ್ಷಣ ಎರಡೇ. ಆರು ಸೆಕೆಂಡಿಗಿಂತ ಉದ್ದ ಇರಬಾರದು, ನೋಡುವವರು ದಾಟಿಸಿ ಹೋಗುವ ಹಾಗಿಲ್ಲ. ನೀವು ಹೇಳುವ ಸ್ಕಿಪ್ ಬಟನ್ ಇರುವುದು ಇನ್ನೊಂದು ಬಗೆಯ ಜಾಹೀರಾತಿನಲ್ಲಿ. ಅಲ್ಲಿ ಐದು ಸೆಕೆಂಡ್ ಆದ ಮೇಲೆ ಅದು ಕಾಣಿಸಿಕೊಳ್ಳುತ್ತದೆ. ಐದು, ಆರು ಎರಡೂ ಹತ್ತಿರದ ಸಂಖ್ಯೆಗಳಾದ್ದರಿಂದ ಎರಡನ್ನೂ ಒಂದೇ ಅಂದುಕೊಳ್ಳುವವರು ಜಾಸ್ತಿ. ನನ್ನ ಹತ್ತಿರ ಬರುವವರಲ್ಲಿ ಅರ್ಧ ಜನ ಹಾಗೆಯೇ ಕೇಳುತ್ತಾರೆ.

ಇದು ಬರೀ ಹೆಸರಿನ ವ್ಯತ್ಯಾಸ ಅಲ್ಲ, ದುಡ್ಡಿನದೂ ಹೌದು. ಬಂಪರಿಗೆ ನೀವು ಸಾವಿರ ಸಲ ತೋರಿಸಿದ್ದಕ್ಕೆ ಇಷ್ಟು ಅಂತ ಹಣ ಕಟ್ಟುತ್ತೀರಿ. ನೋಡುವವರು ಆ ಹೊತ್ತಿನಲ್ಲಿ ಅಡುಗೆಮನೆಗೆ ಎದ್ದು ಹೋಗಿದ್ದರೂ ಲೆಕ್ಕಕ್ಕೆ ಬರುತ್ತದೆ. ಸ್ಕಿಪ್ ಇರುವ ಜಾಹೀರಾತಿನಲ್ಲಿ ಒಂದೊಂದು ವೀಕ್ಷಣೆಗೆ ಹಣ ಕಟ್ಟುವ ಏರ್ಪಾಡು ಇದ್ದರೆ ಲೆಕ್ಕ ಬೇರೆ. ನೋಡುವವರು 30 ಸೆಕೆಂಡ್ ನೋಡಿದಾಗ, ಅಥವಾ ಅದಕ್ಕಿಂತ ಚಿಕ್ಕದಾಗಿದ್ದರೆ ಪೂರ್ತಿ ನೋಡಿದಾಗ, ಇಲ್ಲವೇ ಕ್ಲಿಕ್ ಮಾಡಿದಾಗ ಮಾತ್ರ ಹಣ ಹೋಗುತ್ತದೆ. ಐದನೇ ಸೆಕೆಂಡಿಗೆ ಸ್ಕಿಪ್ ಒತ್ತಿದವರು ನಿಮ್ಮ ಮೊದಲ ಐದು ಸೆಕೆಂಡನ್ನು ಪುಕ್ಕಟೆಯಾಗಿ ನೋಡಿದ ಹಾಗೆ.

ಬರೆಯುವವರಿಗೆ ಇದರಿಂದ ಒಂದು ದೊಡ್ಡ ಬದಲಾವಣೆ ಆಗುತ್ತದೆ. ಬಂಪರಿನಲ್ಲಿ ಕೊನೆ ಬಂದೇ ಬರುತ್ತದೆ. ಹಾಗಾಗಿ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ನಾಲ್ಕನೇ ಸೆಕೆಂಡಿಗೆ ಇಟ್ಟುಕೊಳ್ಳಬಹುದು. ಸ್ಕಿಪ್ ಇರುವಲ್ಲಿ ಆ ಧೈರ್ಯ ಮಾಡಬಾರದು. ಅಲ್ಲಿ ವಿಷಯವೂ ಹೆಸರೂ ಐದು ಸೆಕೆಂಡಿನೊಳಗೆ ಬಂದು ಹೋಗಬೇಕು, ಆಮೇಲೆ ಇರುವುದೆಲ್ಲ ಆಸಕ್ತಿ ಇದ್ದವರಿಗೆ. ನಿಮ್ಮ ಸಂದರ್ಭದಲ್ಲಿ ನಾನು ಎರಡಕ್ಕೂ ಒಗ್ಗುವ ಹಾಗೆ ಬರೆಯಿರಿ ಅನ್ನುತ್ತೇನೆ. ನಾಳೆ 20 ಸೆಕೆಂಡಿನ ಇನ್ನೊಂದು ಜಾಹೀರಾತು ಮಾಡುವ ಮನಸ್ಸಾದರೆ, ಇದೇ ಆರು ಸೆಕೆಂಡ್ ಅದರ ತಲೆಗೆ ಕೂರುತ್ತದೆ.

ಈಗ ನಿಮ್ಮ ಸ್ಕ್ರಿಪ್ಟಿಗೆ ಬರೋಣ. ಅದರಲ್ಲಿ 17 ಪದ ಇವೆ. ಆರು ಸೆಕೆಂಡಿಗೆ ಹದಿನೈದು ಪದ ಹಿಡಿಸುತ್ತದೆ ಅನ್ನುವ ಸಲಹೆ ಎಲ್ಲೋ ಓದಿರುತ್ತೀರಿ, ಅದರ ಪ್ರಕಾರ ಇದು ಅಷ್ಟೇನೂ ಹೆಚ್ಚಲ್ಲ. ಆದರೆ ಆ ಸಲಹೆ ಇಂಗ್ಲಿಷಿನದು. ಕನ್ನಡದಲ್ಲಿ "ತಲೆತಲಾಂತರದಿಂದ" ಅನ್ನುವುದು ಒಂದೇ ಪದ, ಅಕ್ಷರ ಮಾತ್ರ ಎಂಟು. ವಿಭಕ್ತಿ, ಪ್ರತ್ಯಯ ಎಲ್ಲ ಪದಕ್ಕೇ ಅಂಟಿಕೊಳ್ಳುವ ಭಾಷೆಯಲ್ಲಿ ಪದ ಎಣಿಸಿದರೆ ಮೋಸ ಹೋಗುತ್ತೇವೆ. ಅಕ್ಷರ ಎಣಿಸಬೇಕು.

ಎಣಿಸಿ ನೋಡಿ, ನಿಮ್ಮ ಸ್ಕ್ರಿಪ್ಟಿನಲ್ಲಿ 57 ಅಕ್ಷರ ಇವೆ. ಆರು ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ ಒಂಬತ್ತೂವರೆ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಊರುಗಳ ಹೆಸರು ಕೂಗುವ ವೇಗ ಅದು. ಆ ಬಸ್ಸಿಗೇ ಕಾಯುತ್ತಿರುವವರಿಗೆ ಅರ್ಥವಾಗುತ್ತದೆ, ಉಳಿದವರಿಗೆ ಬರೀ ಸದ್ದು. ನಿಮ್ಮ ಜಾಹೀರಾತು ನೋಡುವವರು ಯಾರೂ ನಿಮ್ಮ ಬಸ್ಸಿಗೆ ಕಾದು ನಿಂತಿಲ್ಲ.

ನಾನು ಇಟ್ಟುಕೊಂಡಿರುವ ಅಳತೆ ಹೀಗಿದೆ. ಮೊದಲ ಸಲ ಕೇಳುವವರಿಗೆ ತಿಳಿಯಬೇಕಾದರೆ ಸೆಕೆಂಡಿಗೆ ಐದು ಅಕ್ಷರ. ಆರು ಸೆಕೆಂಡಿನಲ್ಲಿ ಮಾತಿಗೆ ಸಿಗುವುದು ನಾಲ್ಕೂವರೆ ಸೆಕೆಂಡ್ ಮಾತ್ರ. ಶುರುವಿನಲ್ಲಿ ಕಣ್ಣು ಪರದೆಗೆ ಹೊಂದಿಕೊಳ್ಳಲು ಅರ್ಧ ಸೆಕೆಂಡ್ ಬಿಡಬೇಕು. ಮಾತುಗಳ ನಡುವೆ ಉಸಿರಿಗೆ, ಕೊನೆಯಲ್ಲಿ ಹೆಸರು ಕಣ್ಣಿಗೆ ಕೂರಲು ಇನ್ನೊಂದು ಸೆಕೆಂಡ್ ಬೇಕು. ಅಂದರೆ ಒಟ್ಟು 22 ಅಕ್ಷರದ ಆಸುಪಾಸು, ಅದರಲ್ಲಿ ನಿಮ್ಮ ಗಾಣದ ಹೆಸರೂ ಸೇರಿತು. ಶಾಲೆಯಲ್ಲಿ ಲಘು, ಗುರು ಹಾಕಿದ್ದು ನೆನಪಿದ್ದರೆ ಇನ್ನೂ ಒಳ್ಳೆಯದು. ಗುರು ಜಾಸ್ತಿ ಇರುವ ಸಾಲು ಅಷ್ಟೇ ಅಕ್ಷರಕ್ಕೆ ಹೆಚ್ಚು ಹೊತ್ತು ತಿನ್ನುತ್ತದೆ. "ಅತ್ಯುತ್ತಮ" ಅನ್ನುವುದು ಕಾಗದದ ಮೇಲೆ ನಾಲ್ಕಕ್ಷರ, ಬಾಯಲ್ಲಿ ಆರರಷ್ಟು.

ವೇಗಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅದು ಕನ್ನಡದ ವಾಕ್ಯದ ನಡಿಗೆಗೆ ಸಂಬಂಧಪಟ್ಟದ್ದು. ನಮ್ಮಲ್ಲಿ ವಿಶೇಷಣಗಳೆಲ್ಲ ಮುಂದೆ ಬರುತ್ತವೆ, ವಸ್ತು ಆಮೇಲೆ, ಕ್ರಿಯಾಪದ ಎಲ್ಲಕ್ಕಿಂತ ಕೊನೆಗೆ. ನಿಮ್ಮ ವಾಕ್ಯದಲ್ಲಿ "ಕೊಬ್ಬರಿ ಎಣ್ಣೆ" ಮುಗಿಯುವುದು 41ನೇ ಅಕ್ಷರಕ್ಕೆ. ನಿಮ್ಮದೇ ವೇಗದಲ್ಲಿ ಓದಿದರೂ ಅದು ನಾಲ್ಕು ಸೆಕೆಂಡ್ ದಾಟಿದ ಮೇಲೆ. ಅಲ್ಲಿಯವರೆಗೆ ಕೇಳುವವರ ತಲೆಯಲ್ಲಿ ಏನಿರುತ್ತದೆ? ತಲೆತಲಾಂತರದಿಂದ... ತಿಪಟೂರಿನ... ಅತ್ಯುತ್ತಮ... ಕೊಬ್ಬರಿಯಿಂದ... ಮಿಠಾಯಿಯೋ, ಬಿಸ್ಕತ್ತೋ, ಏನೋ. ನೇತುಹಾಕಲು ಗೂಟ ಇಲ್ಲದೆ ಬಟ್ಟೆ ಕೊಟ್ಟ ಹಾಗೆ. ಗೂಟ ಸಿಗುವ ಹೊತ್ತಿಗೆ ಕೈಯಲ್ಲಿದ್ದ ಬಟ್ಟೆ ಎಲ್ಲ ಬಿದ್ದುಹೋಗಿರುತ್ತದೆ. 30 ಸೆಕೆಂಡಿನ ರೇಡಿಯೋ ಜಾಹೀರಾತಿನಲ್ಲಿ ಇದು ನಡೆಯುತ್ತಿತ್ತು, ನಾನೇ ಅಂಥವನ್ನು ಬೇಕಾದಷ್ಟು ಬರೆದಿದ್ದೇನೆ. ಆರು ಸೆಕೆಂಡಿನಲ್ಲಿ ನಡೆಯುವುದಿಲ್ಲ.

ಇದಕ್ಕೆ ಮದ್ದು ನಮ್ಮ ಗಾದೆಗಳಲ್ಲೇ ಇದೆ. "ಮನೆಗೆ ಮಾರಿ, ಊರಿಗೆ ಉಪಕಾರಿ." ಒಟ್ಟು 12 ಅಕ್ಷರ, ಕ್ರಿಯಾಪದವೇ ಇಲ್ಲ. ಎರಡು ತುಂಡು ಎದುರುಬದುರು ಕೂತಿವೆ, ಅರ್ಥ ಅವುಗಳ ನಡುವೆ ಹುಟ್ಟುತ್ತದೆ. ಯಾವ ತುಂಡೂ ಇನ್ನೊಂದಕ್ಕೆ ಕಾಯುವುದಿಲ್ಲ, ಕೇಳಿದ ಕೂಡಲೇ ಒಂದೊಂದೂ ಪೂರ್ತಿ. ಬಂಪರಿಗೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಅಚ್ಚು ನನಗೆ ಸಿಕ್ಕಿಲ್ಲ.

ಅಚ್ಚು ಸಿಕ್ಕಿತು, ಅದಕ್ಕೆ ಏನು ಹೊಯ್ಯಬೇಕು? ನಿಮ್ಮ ಸ್ಕ್ರಿಪ್ಟಿನಲ್ಲಿ ಆರು ವಿಷಯ ಇವೆ: ಹಳೆಯ ಮನೆತನ, ತಿಪಟೂರು, ಒಳ್ಳೆಯ ಕೊಬ್ಬರಿ, ಮರದ ಗಾಣ, ಶುದ್ಧ, ಮನೆಗೆ ತಲುಪಿಸುವುದು. ಇವುಗಳಲ್ಲಿ ಒಂದನ್ನು ಆರಿಸಲು ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಪಕ್ಕದ ಅಂಗಡಿಯವನೂ ಇದೇ ಮಾತನ್ನು ಹೇಳಬಹುದಾ? ಶುದ್ಧ ಅಂತ ಎಲ್ಲರೂ ಹೇಳುತ್ತಾರೆ. ಮರದ ಗಾಣ ಅಂತ ಈಗ ಬೆಂಗಳೂರಿನ ಬಡಾವಣೆಗೊಂದು ಬೋರ್ಡ್ ಇದೆ. ಮನೆಗೆ ತಲುಪಿಸುವುದು ಯಾರು ಮಾಡುವುದಿಲ್ಲ ಹೇಳಿ? ತಿಪಟೂರು ಒಳ್ಳೆಯ ಹೆಸರೇ, ಉಂಡೆ ಕೊಬ್ಬರಿ ಅಂದರೆ ಆ ಊರೇ. ಆದರೆ ತಿಪಟೂರಿನ ಕೊಬ್ಬರಿ ತಂದು ಆಡಿಸುವವರು ಬೇರೆಡೆಯೂ ಇದ್ದಾರೆ.

ನೀವು ಪ್ರಶ್ನೆಯಲ್ಲಿ ಸುಮ್ನೆ ಹೇಳಿಬಿಟ್ಟ ಒಂದು ಮಾತಿದೆ. ಭಾನುವಾರ ಆಡಿಸಿ ಗುರುವಾರ ತಲುಪಿಸುತ್ತೇವೆ ಅಂದಿರಲ್ಲ, ಅದು. ಅದು ಸ್ಕ್ರಿಪ್ಟಿನಲ್ಲೇ ಇಲ್ಲ! ಅಂಗಡಿಯಲ್ಲಿ ಎಣ್ಣೆ ಕೊಳ್ಳುವವರಿಗೆ ಇದು ಯಾವಾಗ ಆಡಿಸಿದ್ದೋ ಅನ್ನುವ ಅನುಮಾನ ಇದ್ದೇ ಇರುತ್ತದೆ. ಮುಚ್ಚಳ ತೆಗೆದು ಮೂಸಿ ನೋಡುವುದು ಅದಕ್ಕೇ ಅಲ್ವಾ? ನಿಮ್ಮ ಹತ್ತಿರ ಆ ಅನುಮಾನಕ್ಕೆ ವಾರದ ಎರಡು ದಿನಗಳ ಹೆಸರಿನಲ್ಲೇ ಉತ್ತರ ಇದೆ. ವಾರದ ಹೆಸರಿಗೆ ಇನ್ನೊಂದು ಲಾಭವೂ ಇದೆ. "ತಾಜಾ" ಅಂದರೆ ಅವರು ನಂಬಬೇಕು. "ಭಾನುವಾರ" ಅಂದರೆ ಅವರೇ ಲೆಕ್ಕ ಹಾಕುತ್ತಾರೆ.

"ನಿನ್ನೆ ಆಡಿಸಿದ್ದು" ಅಂತ ಬರೆದರೆ ಇನ್ನೂ ಚುರುಕಾಗುತ್ತದಲ್ಲ ಅಂತ ನಿಮ್ಮ ಎಡಿಟರ್ ಹೇಳಬಹುದು. ಬೇಡ. ಮಡ್ಡಿ ಇಳಿಯಲು ದಿನ ಬೇಕು ಅಂತ ಎಣ್ಣೆ ಗೊತ್ತಿರುವ ಯಾವ ಮನೆಯಲ್ಲೂ ಗೊತ್ತು. ನಿನ್ನೆ ಆಡಿಸಿದ್ದು ಇವತ್ತು ತಿಳಿಯಾಗಿ ಬಂದರೆ ಅವರಿಗೆ ಸಂಶಯ ಬರುತ್ತದೆ. ನಾಲ್ಕು ದಿನದ ಅಂತರ ನಿಮ್ಮ ಬಲ, ಅದನ್ನು ಮುಚ್ಚಿಡಬೇಡಿ.

"ಶುದ್ಧ" ತೆಗೆಯಿರಿ ಅನ್ನುವುದಕ್ಕೆ ನನಗೆ ಇನ್ನೊಂದು ಕಾರಣವೂ ಇದೆ. ಆಹಾರದ ಜಾಹೀರಾತಿನಲ್ಲಿ ಶುದ್ಧ, ನೈಸರ್ಗಿಕ, ಸಾಂಪ್ರದಾಯಿಕ ಅನ್ನುವಂಥ ಮಾತುಗಳನ್ನು ಯಾವಾಗ ಬಳಸಬಹುದು ಅನ್ನುವುದಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ನಿಯಮಗಳಲ್ಲಿ ಷರತ್ತುಗಳಿವೆ. ಕೆಲವು ಮಾತಿಗೆ ಕೆಳಗೆ ವಿವರಣೆಯ ಸಾಲು ಬೇಕಾಗುತ್ತದೆ. ಜಾಹೀರಾತು ಉದ್ಯಮದವರೇ ಕಟ್ಟಿಕೊಂಡಿರುವ ಸಂಸ್ಥೆ ಆಸ್ಕಿ ಹೇಳುವ ಪ್ರಕಾರ ಅಂಥ ವಿವರಣೆಯ ಒಂದೊಂದು ಸಾಲೂ ಪರದೆಯ ಮೇಲೆ ನಾಲ್ಕು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲಬೇಕು. ಎರಡು ಸಾಲಾದರೆ ಎಂಟು ಸೆಕೆಂಡ್ ಆಯಿತು, ನಿಮ್ಮ ಜಾಹೀರಾತೇ ಆರು. ಒಂದೇ ಸಾಲಾದರೂ ನೋಡುವವರ ಕಣ್ಣು ಅದರ ಮೇಲೆ ಹೋಗಿ ಬಾಟಲಿ ತಪ್ಪಿಹೋಗುತ್ತದೆ. ಹಾಗಾಗಿ ನಕ್ಷತ್ರ ಚಿಹ್ನೆ ಬೇಕಾಗುವ ಯಾವ ಮಾತನ್ನೂ ನಾನು ಬಂಪರಿಗೆ ಬರೆಯುವುದಿಲ್ಲ. ಕೂದಲು ಉದ್ದ ಆಗುತ್ತದೆ, ಕೊಲೆಸ್ಟರಾಲ್ ಇಳಿಯುತ್ತದೆ ಅನ್ನುವವಂತೂ ದೂರವೇ ಇರಲಿ.

ಈಗ ಬರೆಯೋಣ. ನನ್ನ ಮೊದಲ ಪ್ರಯತ್ನ ಹೀಗಿತ್ತು:

"ಈ ಕೊಬ್ಬರಿ ಎಣ್ಣೆ ಭಾನುವಾರ ಗಾಣದಲ್ಲಿ ಆಡಿಸಿದ್ದು, ಗುರುವಾರ ನಿಮ್ಮ ಮನೆಯಲ್ಲಿರುತ್ತದೆ."

ಎಣಿಸಿದರೆ 31 ಅಕ್ಷರ, ಇನ್ನೂ ಹೆಸರೇ ಬಂದಿಲ್ಲ. ಆದರೆ ವಸ್ತು ಮುಂದಕ್ಕೆ ಬಂತು, ವಿಷಯ ಒಂದೇ ಆಯಿತು. ಇನ್ನು ಕತ್ತರಿಸುವ ಕೆಲಸ. "ಈ" ಬೇಡ, ಚಿತ್ರ ತೋರಿಸುತ್ತದೆ. "ಆಡಿಸಿದ್ದು" ಬೇಡ, ಗಾಣ ಅಂದ ಮೇಲೆ ಇನ್ನೇನು ಮಾಡುತ್ತಾರೆ? "ಇರುತ್ತದೆ" ಬೇಡ. "ನಿಮ್ಮ" ಬಿಡಲು ಸ್ವಲ್ಪ ಯೋಚಿಸಿದೆ, ಆದರೆ ಪರದೆಯ ಮೇಲೆ ಅಡುಗೆಮನೆ ಕಂಡರೆ ಅದು ತಮ್ಮದೇ ಅಂತ ನೋಡುವವರು ತೆಗೆದುಕೊಳ್ಳುತ್ತಾರೆ. ಉಳಿದದ್ದು:

"ಕೊಬ್ಬರಿ ಎಣ್ಣೆ. ಭಾನುವಾರ ಗಾಣ, ಗುರುವಾರ ಮನೆ."

ಅಕ್ಷರ 17. ನಿಮ್ಮ ಗಾಣದ ಹೆಸರು ನಾಲ್ಕೈದು ಅಕ್ಷರದ್ದಾದರೆ ಒಟ್ಟು 22 ದಾಟುವುದಿಲ್ಲ. ಎರಡನೇ ಭಾಗ ಆ ಗಾದೆಯಷ್ಟೇ ಉದ್ದ, 12 ಅಕ್ಷರ. ಇದನ್ನು ನಾನು ಬೇಕೆಂದು ಮಾಡಿದ್ದಲ್ಲ, ಎಣಿಸಿದ ಮೇಲೆ ಗೊತ್ತಾಗಿದ್ದು.

ಇದಕ್ಕೆ ಚಿತ್ರ ಮೂರೇ ಶಾಟ್. ಸೆಕೆಂಡಿಗೆ 25 ಫ್ರೇಮಿನಂತೆ ನಿಮ್ಮ ಹತ್ತಿರ 150 ಫ್ರೇಮ್ ಇವೆ. ಮೊದಲ 40 ಫ್ರೇಮಿನಲ್ಲಿ ಗಾಣದ ಬಾಯಿಂದ ಪಾತ್ರೆಗೆ ಇಳಿಯುವ ಎಣ್ಣೆಯ ಧಾರೆ, ಪಕ್ಕದಲ್ಲೇ ಒಡೆದ ಕೊಬ್ಬರಿ ಬಟ್ಟಲು. ಗಾಣ ಕಿರುಗುಟ್ಟುವ ಸದ್ದು ಮೊದಲ ಫ್ರೇಮಿನಿಂದಲೇ ಇರಲಿ, ಮಾತು ಅರ್ಧ ಸೆಕೆಂಡ್ ಬಿಟ್ಟು ಬರಲಿ: "ಕೊಬ್ಬರಿ ಎಣ್ಣೆ." ಆಮೇಲಿನ 65 ಫ್ರೇಮಿನಲ್ಲಿ ಎರಡನೇ ಶಾಟ್. ಮೇಜಿನ ಮೇಲೆ ಬಾಟಲಿ, ಕೈಯೊಂದು ಲೇಬಲ್ ಮೇಲೆ ರಬ್ಬರ್ ಸ್ಟ್ಯಾಂಪ್ ಒತ್ತುತ್ತದೆ, ಧಡ್ ಅನ್ನುವ ಸದ್ದು. ಸ್ಟ್ಯಾಂಪಿನಲ್ಲಿ ಒಂದೇ ಪದ, "ಭಾನುವಾರ". ಹಿಂದೆ ಮಾತು: "ಭಾನುವಾರ ಗಾಣ." ಅದೇ ಬಾಟಲಿ ಅದೇ ಜಾಗದಲ್ಲಿ ನಿಂತಿರುವಂತೆಯೇ ಹಿನ್ನೆಲೆ ಅಡುಗೆಮನೆಯ ಕಟ್ಟೆಯಾಗುತ್ತದೆ: "ಗುರುವಾರ ಮನೆ." ಉಳಿದ 43 ಫ್ರೇಮಿಗೆ ಬಾಟಲಿ ಹಾಗೇ ಇರಲಿ, ಪಕ್ಕದಲ್ಲಿ ನಿಮ್ಮ ಹೆಸರು ದೊಡ್ಡದಾಗಿ ಬರಲಿ, ಅದನ್ನೇ ದನಿಯೂ ಹೇಳಲಿ.

ಕೂಡಿಸಿದರೆ 148 ಆಯಿತು, 150 ಅಲ್ಲ. ಎರಡು ಫ್ರೇಮ್ ಬೇಕೆಂದೇ ಬಿಟ್ಟಿದ್ದೇನೆ. ಒಂದು ಬಟ್ಟೆ ಅಂಗಡಿಗೆ ಯುಗಾದಿಯ ಬಂಪರ್ ಮಾಡಿಕೊಟ್ಟಿದ್ದೆವು. ಚಿತ್ರ ಸರಿಯಾಗಿ ಆರು ಸೆಕೆಂಡಿಗೆ ನಿಂತಿತ್ತು, ಆದರೆ ಸಂಗೀತದ ಬಾಲ ಏಳೆಂಟು ಫ್ರೇಮ್ ಮುಂದೆ ಚಾಚಿತ್ತು. ಎಕ್ಸ್‌ಪೋರ್ಟ್ ಮಾಡಿದಾಗ ಫೈಲ್ ಆ ಬಾಲದಷ್ಟೂ ಉದ್ದ ಆಯಿತು. ಬಂಪರ್ ಅಂತ ಆರಿಸಲು ಹೋದರೆ ಗೂಗಲ್ ಆಡ್ಸ್ ಒಪ್ಪಲಿಲ್ಲ. ಹಬ್ಬದ ಹಿಂದಿನ ರಾತ್ರಿ ಎಡಿಟರನ್ನು ಊಟದಿಂದ ಎಬ್ಬಿಸಬೇಕಾಯಿತು. ಅಂದಿನಿಂದ ಚಿತ್ರ, ಧ್ವನಿ ಎರಡನ್ನೂ ಆರು ಸೆಕೆಂಡಿಗೆ ಸ್ವಲ್ಪ ಮೊದಲೇ ಕತ್ತರಿಸುತ್ತೇನೆ. ಫೈಲಿನ ಉದ್ದವನ್ನು ಎಡಿಟಿಂಗ್ ಟೈಮ್‌ಲೈನಿನಲ್ಲಿ ನೋಡುವುದಲ್ಲ, ಎಕ್ಸ್‌ಪೋರ್ಟ್ ಆದ ಫೈಲಿನಲ್ಲೇ ನೋಡಿ.

ಶಾಟ್ ಬರೆಯುವಾಗ ನಾನು ಒಂದು ಆಸೆ ಬಿಟ್ಟೆ. ಒಣಗಿದ ಉಂಡೆ ಕೊಬ್ಬರಿಯ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನುತ್ತದಲ್ಲ, ಆ ಸದ್ದಿನಿಂದ ಶುರುಮಾಡೋಣ ಅನ್ನಿಸಿತ್ತು. ತುಮಕೂರು, ಹಾಸನದ ಕಡೆಯವರಿಗೆ ಮೈ ಜುಮ್ಮೆನ್ನುವ ಸದ್ದು. ಆದರೆ ನಿಮ್ಮ ಗಿರಾಕಿ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿದ್ದಾರೆ. ಅವರಲ್ಲಿ ಎಷ್ಟೋ ಜನಕ್ಕೆ ಅದೇನು ಸದ್ದು ಅಂತ ತಿಳಿಯಲು ಎರಡು ಸೆಕೆಂಡ್ ಬೇಕು. ಆ ಎರಡು ಸೆಕೆಂಡ್ ನಮ್ಮ ಹತ್ತಿರ ಇಲ್ಲ. ಅದನ್ನು 20 ಸೆಕೆಂಡಿನ ಜಾಹೀರಾತಿಗೆ ಎತ್ತಿಡಿ.

ಅಕ್ಷರದ ಗಾತ್ರದ ವಿಷಯ. ಹೆಚ್ಚಿನವರು ಇದನ್ನು ಫೋನನ್ನು ನೆಟ್ಟಗೆ ಹಿಡಿದೇ ನೋಡುತ್ತಾರೆ. ಆಗ ನಿಮ್ಮ ಜಾಹೀರಾತು ಪರದೆಯ ಮೇಲ್ಭಾಗದಲ್ಲಿ ಅಂಗೈ ಅಗಲದ ಒಂದು ಪಟ್ಟಿ ಅಷ್ಟೇ. ಎಡಿಟರ್ ದೊಡ್ಡ ಮಾನಿಟರಿನಲ್ಲಿ ನೋಡಿ "ಚೆನ್ನಾಗಿ ಕಾಣುತ್ತದೆ" ಅಂದರೆ ಒಪ್ಪಬೇಡಿ. ಕನ್ನಡದ ಒತ್ತಕ್ಷರಗಳು ಸಣ್ಣ ಗಾತ್ರದಲ್ಲಿ ಮೊದಲು ಕಲಸಿಹೋಗುತ್ತವೆ. "ಕೊಬ್ಬರಿ"ಯ ಬಕಾರದ ಒತ್ತು, "ಎಣ್ಣೆ"ಯ ಣಕಾರದ ಒತ್ತು ಎರಡೂ ಬೇರೆಬೇರೆಯಾಗಿ ಕಾಣಬೇಕು. ಅಂದರೆ ತೆಳ್ಳಗಿನ ಅಲಂಕಾರದ ಫಾಂಟ್ ಬೇಡ, ಸಾಲಿನ ಕೆಳಗೆ ಜಾಗ ಬೇಕು. ಪರದೆಯ ಕೆಳಗಿನ ಅಂಚಿನಲ್ಲಿ ಯೂಟ್ಯೂಬ್ ತನ್ನದೇ ಸಾಮಾನು ಇಡುತ್ತದೆ, ಜಾಹೀರಾತು ಅನ್ನುವ ಗುರುತು, ಕ್ಲಿಕ್ ಮಾಡುವ ಗುಂಡಿ ಇತ್ಯಾದಿ. ನಿಮ್ಮ ಹೆಸರನ್ನು ಅಲ್ಲಿಟ್ಟರೆ ಅವುಗಳ ಕೆಳಗೆ ಹೂತುಹೋಗುತ್ತದೆ. ನಡುವಿನಲ್ಲೋ ಅದಕ್ಕಿಂತ ಸ್ವಲ್ಪ ಮೇಲೋ ಇಡಿ.

"ಇಂದೇ ಕರೆ ಮಾಡಿ" ಅನ್ನುವುದು ಹೋಯಿತಲ್ಲ ಅಂತ ನಿಮಗೆ ಅನ್ನಿಸುತ್ತಿರಬಹುದು. ಹೋಗಲಿ. ಫೋನ್ ನಂಬರಿನ ಹತ್ತು ಅಂಕಿ ಬಾಯಲ್ಲಿ ಹೇಳಿದರೆ ಕಡಿಮೆ ಅಂದರೂ 20 ಅಕ್ಷರ, ಅಲ್ಲಿಗೆ ಇಡೀ ಬಂಪರ್ ಮುಗಿಯಿತು. ಬರೆದು ತೋರಿಸಿದರೂ ಎರಡು ಸೆಕೆಂಡಿನಲ್ಲಿ ಯಾರೂ ಬರೆದುಕೊಳ್ಳುವುದಿಲ್ಲ. ಜಾಹೀರಾತನ್ನು ಮುಟ್ಟಿದವರು ಎಲ್ಲಿಗೆ ಹೋಗಬೇಕು ಅನ್ನುವ ಕೊಂಡಿಯನ್ನು ಗೂಗಲ್ ಆಡ್ಸಿನಲ್ಲೇ ಕೊಡುತ್ತೀರಿ. ನಂಬರ್, ಬೆಲೆ, ಯಾವ ಬಡಾವಣೆಗೆ ತಲುಪಿಸುತ್ತೀರಿ ಅನ್ನುವುದೆಲ್ಲ ಆ ಪುಟದಲ್ಲಿರಲಿ. ಆ ಪುಟದ ಮೊದಲ ಸಾಲು ಮಾತ್ರ "ಭಾನುವಾರ ಗಾಣ, ಗುರುವಾರ ಮನೆ" ಅಂತಲೇ ಇರಬೇಕು. ಇಲ್ಲದಿದ್ದರೆ ಬೇರೆ ಯಾರದೋ ಅಂಗಡಿಗೆ ಬಂದೆವಾ ಅಂತ ಅವರು ಹಿಂದಕ್ಕೆ ಹೋಗುತ್ತಾರೆ.

ಇದೇ ವಿಷಯವನ್ನು ಬಂಪರಿಗೆ ಮಾತ್ರ ಒಗ್ಗುವ ಹಾಗೆ, ಅಂದರೆ ಕೊನೆ ಖಾತ್ರಿ ಇದೆ ಅನ್ನುವ ಧೈರ್ಯದಲ್ಲಿ, ಇನ್ನೊಂದು ರೀತಿ ಬರೆಯಬಹುದು. ಅಡುಗೆಮನೆ. ಕಟ್ಟೆಯ ಮೇಲೆ ಒಡೆದ ಕೊಬ್ಬರಿ. ಅತ್ತೆ ಬಾಟಲಿಯ ಮುಚ್ಚಳ ತೆಗೆದು ಮೂಸುತ್ತಾರೆ, ಹುಬ್ಬು ಗಂಟಿಕ್ಕಿ ಕೇಳುತ್ತಾರೆ:

"ಯಾವತ್ತು ಆಡಿಸಿದ್ದು?"

ಸೊಸೆ ಬಾಟಲಿಯನ್ನು ಅವರ ಕಡೆ ತಿರುಗಿಸುತ್ತಾಳೆ, ಸ್ಟ್ಯಾಂಪ್ ಕಾಣುತ್ತದೆ.

"ನೋಡಿ ಅತ್ತೆ, ಭಾನುವಾರ."

ಅತ್ತೆ ಏನೂ ಹೇಳದೆ ಅಂಗೈಗೆ ಎಣ್ಣೆ ಸುರಿದುಕೊಳ್ಳುತ್ತಾರೆ. ಹೆಸರು.

ಮಾತು ಬರೀ 15 ಅಕ್ಷರ. ಇಲ್ಲಿ ಗುರುವಾರ ಹೋಯಿತು, ಅದರ ಬದಲು ಅನುಮಾನ ಬಂತು. ಎಷ್ಟೋ ಮನೆಗಳಲ್ಲಿ ದಿನವೂ ಕೇಳುವ ಪ್ರಶ್ನೆಯಾದ್ದರಿಂದ ವಿವರಣೆ ಬೇಡ. ಆದರೆ ಇದು ಸ್ಕಿಪ್ ಇರುವ ಜಾಗದಲ್ಲಿ ಸೋಲುತ್ತದೆ. ಉತ್ತರ ಬರುವುದು ಮೂರೂವರೆ ಸೆಕೆಂಡಿನ ಮೇಲೆ, ಹೆಸರು ಬರುವ ಹೊತ್ತಿಗೆ ಬೆರಳು ಬಟನ್ ಮೇಲಿರುತ್ತದೆ. ಇನ್ನೊಂದು ಅಪಾಯ ನಟನೆಯದು. ಅತ್ತೆಯ ಪಾತ್ರ ಮಾಡುವವರು ಟಿವಿ ಧಾರಾವಾಹಿಯ ಅತ್ತೆ ಆಗಿಬಿಟ್ಟರೆ ಜನ ಜಗಳಕ್ಕೆ ಕಾಯುತ್ತಾರೆ, ಎಣ್ಣೆ ಮರೆತುಹೋಗುತ್ತದೆ. ನಿಮ್ಮ ಮನೆಯವರೇ ಯಾರಾದರೂ ಮಾಡಿದರೆ ವಾಸಿ.

ಎರಡನ್ನೂ ಚಿತ್ರೀಕರಿಸಿ ಅನ್ನುವುದು ನನ್ನ ಸಲಹೆ. ಬಾಟಲಿ, ಸ್ಟ್ಯಾಂಪ್, ಅಡುಗೆಮನೆ ಎಲ್ಲ ಅವೇ, ಅರ್ಧ ದಿನದ ಕೆಲಸ. ಒಂದೇ ಬಂಪರ್ ಒಬ್ಬರಿಗೇ ವಾರದಲ್ಲಿ ಹತ್ತು ಸಲ ಬಂದರೆ ಬೈಸಿಕೊಳ್ಳುತ್ತೀರಿ. ಅದಕ್ಕೆ ಒಬ್ಬರಿಗೆ ಇಷ್ಟೇ ಸಲ ತೋರಿಸು ಅನ್ನುವ ಮಿತಿಯನ್ನು ಗೂಗಲ್ ಆಡ್ಸಿನಲ್ಲಿ ಹಾಕಬಹುದು. ನಿಮ್ಮಂಥ ಸಣ್ಣ ವ್ಯಾಪಾರಕ್ಕೆ ನಾನು ವಾರಕ್ಕೆ ಮೂರರಿಂದ ಶುರುಮಾಡುತ್ತೇನೆ.

ಹಾಕುವ ಮೊದಲು ಒಂದು ಪರೀಕ್ಷೆ ಮಾಡಿ. ಸ್ಕ್ರಿಪ್ಟ್ ಗೊತ್ತಿಲ್ಲದ ಐದು ಜನರನ್ನು ಹಿಡಿಯಿರಿ, ಮನೆಯವರು ಬೇಡ. ಫೋನಿನಲ್ಲಿ ಯಾವುದೋ ಅಡುಗೆ ವಿಡಿಯೊದ ಮುಂದೆ ಇದನ್ನು ಅಂಟಿಸಿ, ಒಂದೇ ಸಲ ತೋರಿಸಿ. ಜಾಹೀರಾತಿನ ಬಗ್ಗೆ ಏನೂ ಹೇಳಬೇಡಿ. ಹತ್ತು ನಿಮಿಷ ಬೇರೆ ಮಾತಾಡಿ, ಆಮೇಲೆ ಕೇಳಿ: ಮೊದಲು ಏನೋ ಬಂತಲ್ಲ, ಏನದು? "ಎಣ್ಣೆದು, ಭಾನುವಾರ ಆಡಿಸಿದ್ದು ಅಂತ ಏನೋ" ಅಂದರೆ ಗೆದ್ದಿರಿ. "ಗಾಣ ಚೆನ್ನಾಗಿತ್ತು" ಅಂದರೆ ಚಿತ್ರ ವಿಷಯವನ್ನು ನುಂಗಿದೆ, ಮೊದಲ ಶಾಟ್ ಚಿಕ್ಕದು ಮಾಡಿ. ವಿಷಯ ನೆನಪಿದ್ದು ಹೆಸರು ನೆನಪಿಲ್ಲದಿದ್ದರೆ ಕೊನೆಯ ಶಾಟಿಗೆ ಇನ್ನೂ ಹತ್ತು ಫ್ರೇಮ್ ಕೊಡಿ, ಎರಡನೇ ಶಾಟಿನಿಂದ ಕಿತ್ತುಕೊಳ್ಳಿ. ಇನ್ನೊಂದು ಸಲ ದನಿ ಪೂರ್ತಿ ಮುಚ್ಚಿ ಬೇರೆಯವರಿಗೆ ತೋರಿಸಿ. ಬಸ್ಸಿನಲ್ಲಿ ಕೂತು ದನಿ ಇಲ್ಲದೆ ನೋಡುವವರೂ ಇದ್ದಾರೆ. ಸ್ಟ್ಯಾಂಪ್ ಮತ್ತು ಹೆಸರು ಎರಡರಿಂದಲೇ ಅವರಿಗೆ ಅರ್ಧವಾದರೂ ತಿಳಿಯಬೇಕು.

ಜಾಹೀರಾತು ಓಡಿದ ಮೇಲೆ ನಿಮಗೆ ಯಾರಾದರೂ "ತೊಂಬತ್ತಕ್ಕಿಂತ ಜಾಸ್ತಿ ಶೇಕಡಾ ಜನ ಪೂರ್ತಿ ನೋಡಿದ್ದಾರೆ" ಅಂತ ವರದಿ ತೋರಿಸಿದರೆ ಖುಷಿಪಡಬೇಡಿ. ದಾಟಿಸಲು ಬರದ ಜಾಹೀರಾತನ್ನು ಪೂರ್ತಿ ನೋಡದೆ ಏನು ಮಾಡುತ್ತಾರೆ? ಕ್ಲಿಕ್ ಕಡಿಮೆ ಬಂದರೆ ಬೇಜಾರೂ ಬೇಡ, ಆರು ಸೆಕೆಂಡಿನಲ್ಲಿ ಕೈ ಎತ್ತಿ ಮುಟ್ಟುವವರು ಕಡಿಮೆಯೇ. ನಿಮಗೆ ತಿಳಿಯಬೇಕಾದದ್ದು ಹೆಸರು ತಲೆಯಲ್ಲಿ ಉಳಿಯಿತಾ ಅನ್ನುವುದು. ಬೆಂಗಳೂರು ಪೂರ್ತಿ ಒಟ್ಟಿಗೆ ಹಾಕಬೇಡಿ. ನೀವು ಈಗಾಗಲೇ ಎಣ್ಣೆ ಕೊಡುತ್ತಿರುವ ಎರಡು ಬಡಾವಣೆ ಆರಿಸಿ, ವ್ಯಾಪಾರ ಹೆಚ್ಚುಕಡಿಮೆ ಒಂದೇ ಇರುವಂಥವು, ಒಂದಕ್ಕೊಂದು ದೂರ ಇರುವಂಥವು. ಒಂದರ ಸುತ್ತ ಎರಡು ಮೂರು ಕಿಲೋಮೀಟರ್ ಅಂತ ವೃತ್ತ ಹಾಕಿ ಅಲ್ಲಿ ಮಾತ್ರ ನಾಲ್ಕು ವಾರ ಓಡಿಸಿ. ಇನ್ನೊಂದನ್ನು ಹಾಗೇ ಬಿಡಿ. ಎರಡೂ ಕಡೆಯಿಂದ ಬಂದ ಹೊಸ ಆರ್ಡರ್‌ಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಫೋನ್ ಮಾಡಿದವರು "ಭಾನುವಾರದ್ದು ಇದೆಯಾ?" ಅಂತ ಕೇಳಿದರೆ ಅದನ್ನೂ ಬರೆಯಿರಿ. ಅದಕ್ಕಿಂತ ನಂಬುವಂಥ ವರದಿ ಈ ಮೊತ್ತದ ಪ್ರಚಾರದಲ್ಲಿ ನಿಮಗೆ ಸಿಗುವುದಿಲ್ಲ.

ಕೊನೆಗೆ ನಿಮ್ಮನ್ನೇ ಒಂದು ಮಾತು ಕೇಳಬೇಕು. ಹಬ್ಬದ ವಾರದಲ್ಲಿ ಆರ್ಡರ್ ಎರಡರಷ್ಟಾದಾಗಲೂ ಗುರುವಾರ ತಲುಪಿಸಲು ಆಗುತ್ತದಾ? ಕರೆಂಟ್ ಹೋಗಿ ಭಾನುವಾರ ಗಾಣ ನಿಂತರೆ ಸ್ಟ್ಯಾಂಪ್ "ಸೋಮವಾರ" ಅಂತ ಬದಲಾಗುತ್ತದಾ, ಅಥವಾ ಹಳೆಯದನ್ನೇ ಒತ್ತುತ್ತೀರಾ? ಆಗುವುದಿಲ್ಲ ಅನ್ನಿಸಿದರೆ ಈಗಲೇ ಹೇಳಿ, "ಗುರುವಾರ ಮನೆ" ತೆಗೆದು ಅತ್ತೆ ಸೊಸೆಯದನ್ನು ಮಾತ್ರ ಇಟ್ಟುಕೊಳ್ಳೋಣ. ಅದಕ್ಕೆ ಬೇಕಾಗಿರುವುದು ನಿಜವಾದ ದಿನ ಒತ್ತುವ ಒಂದು ಸ್ಟ್ಯಾಂಪ್ ಅಷ್ಟೇ. ವಾರದ ಏಳೂ ದಿನಗಳ ಹೆಸರಿನದು ಮಾಡಿಸಿಟ್ಟುಕೊಳ್ಳಿ.